ಪಾಸ್‌ಬುಕ್ಕು ಒಂದೇ ಸಾಲದು, ಸಾವ್ಕಾರರೇ

"ಸ್ಟೇಟ್‌ಮೆಂಟ್ ಕಳಿಸೀನಲ್ರೀ, ಇನ್ನೇನ್ ಬೇಕ್ರೀ ಆಡಿಟರ?"

ರಾಣೆಬೆನ್ನೂರಿನ ಬೀಜ-ಗೊಬ್ಬರದ ಅಂಗಡಿಯೊಂದರ ಸಾವ್ಕಾರರು ಪ್ರತಿ ವರ್ಷ ತಪ್ಪದೆ ಕೇಳುವ ಪ್ರಶ್ನೆ ಇದು. ಅವರು ಸ್ಟೇಟ್‌ಮೆಂಟ್ ಕಳಿಸಿರುವುದು ನಿಜ. ಮೊಬೈಲಿನಲ್ಲಿ ಪಾಸ್‌ಬುಕ್ಕಿನ ಹಾಳೆಗಳ ಫೋಟೊ ಹೊಡೆದು ಒಂದರ ಹಿಂದೊಂದು ಕಳಿಸಿರುತ್ತಾರೆ. ನಡುವಿನ ಹಾಳೆಯೊಂದು ಮಸುಕು, ಇನ್ನೊಂದರ ಮೇಲೆ ಅವರದೇ ಹೆಬ್ಬೆರಳು. ಅದು ಸಾಲದು ಎಂದು ಅವರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಈಗ ಕೆಲವು ವರ್ಷಗಳಿಂದ ಒಂದು ಚೀಟಿ ಬರೆದು ಕಳಿಸುತ್ತಿದ್ದೇನೆ. ಬಿತ್ತನೆಯ ಗದ್ದಲ ಕೊಂಚ ತಗ್ಗುವ ಜುಲೈ ಮೊದಲ ವಾರದಲ್ಲಿ ಕಳಿಸುತ್ತೇನೆ. ಅದಕ್ಕೆ ಮೊದಲು ಕಳಿಸಿದರೆ ಓದಲು ಅವರಿಗೆ ಪುರುಸೊತ್ತಿರುವುದಿಲ್ಲ.

2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕಕ್ಕಾಗಿ ಬರೆದ ಚೀಟಿ ಹೀಗಿತ್ತು:

"ಸಾವ್ಕಾರರಿಗೆ ನಮಸ್ಕಾರ. ಆಡಿಟ್ ವರದಿ ಸೆಪ್ಟೆಂಬರ್ 30ರೊಳಗೆ ಹೋಗಬೇಕು. ಬ್ಯಾಂಕಿನಿಂದ ಇವಿಷ್ಟು ತರಿಸಿಡಿ. ನಿಮ್ಮ ಹೆಸರಿನಲ್ಲಿರುವ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್, ಅಂಗಡಿಯದು ಮಾತ್ರ ಅಲ್ಲ, ಉಳಿತಾಯ ಖಾತೆಯದೂ, ವರ್ಷದ ನಡುವೆ ಮುಚ್ಚಿದ್ದರೆ ಅದರದೂ. 2024ರ ಏಪ್ರಿಲ್ 1ರಿಂದ ಶುರುವಾಗಿ 2025ರ ಜೂನ್ 30ರವರೆಗೆ ಇರಲಿ. ಸಿಸಿ ಖಾತೆಯ ಮಂಜೂರಾತಿ ಪತ್ರ ಮತ್ತು ನೀವು ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನ ನಕಲು. ಗಾಡಿ ಸಾಲದ ಸ್ಟೇಟ್‌ಮೆಂಟ್ ಮತ್ತು ಬಡ್ಡಿ ಸರ್ಟಿಫಿಕೇಟ್. ಎಫ್‌ಡಿಗಳ ಬಡ್ಡಿ ಸರ್ಟಿಫಿಕೇಟ್. ಮಾರ್ಚ್ 31ರಂದು ಎಲ್ಲ ಖಾತೆಗಳಲ್ಲಿ ಎಷ್ಟಿತ್ತು ಎಂದು ಶಾಖೆಯವರು ಸಹಿ ಮಾಡಿ ಕೊಡುವ ಬಾಕಿ ದೃಢೀಕರಣ ಪತ್ರ. ಚೆಕ್‌ಬುಕ್ಕಿನ ಹರಿದುಳಿದ ಅರ್ಧಗಳು ಮತ್ತು ನಗದು ಕಟ್ಟಿದ ಚಲನ್‌ಗಳು. ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಯಾವ ಖಾತೆಗೆ ಸೇರಿದ್ದು ಎನ್ನುವುದನ್ನೂ ಬರೆದು ಕಳಿಸಿ."

ಇಷ್ಟೇ ಚೀಟಿ. ಇವನ್ನೆಲ್ಲ ಏಕೆ ಕೇಳುತ್ತೇವೆ, ಸಿಗದಿದ್ದರೆ ಏನಾಗುತ್ತದೆ ಎನ್ನುವುದನ್ನು ಇದೇ ಅಂಗಡಿಯ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ಸಾವ್ಕಾರರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಮೊತ್ತಗಳನ್ನೂ ಬದಲಿಸಿದ್ದೇನೆ.

ಮೊದಲು, ಈ ಆಡಿಟ್ ಯಾರಿಗೆ? ಆದಾಯ ತೆರಿಗೆ ಕಾಯ್ದೆಯ 44ಎಬಿ ಕಲಮಿನ ಪ್ರಕಾರ ವರ್ಷದ ವಹಿವಾಟು 1 ಕೋಟಿ ರೂಪಾಯಿ ದಾಟಿದ ವ್ಯಾಪಾರಿಗೆ ಆಡಿಟ್ ಬೇಕು. ಬಂದ ಹಣದಲ್ಲೂ ಹೋದ ಹಣದಲ್ಲೂ ನಗದು ನೂರಕ್ಕೆ 5ರೊಳಗೆ ಇದ್ದರೆ ಆ ಮಿತಿ 10 ಕೋಟಿಯವರೆಗೆ ಏರುತ್ತದೆ. ವಹಿವಾಟಿನ ಮೇಲೆ ಇಂತಿಷ್ಟು ಲಾಭ ಎಂದು ಒಪ್ಪಿಕೊಂಡು ತೆರಿಗೆ ಕಟ್ಟುವ 44ಎಡಿ ದಾರಿ ಹಿಡಿದವರಿಗೆ 2 ಕೋಟಿವರೆಗೂ ಆಡಿಟ್ ಬೇಡ. ನಮ್ಮ ಸಾವ್ಕಾರರ ವಹಿವಾಟು 2 ಕೋಟಿ 80 ಲಕ್ಷ. ಬೀಜ ಒಯ್ಯುವ ರೈತರು ಅರ್ಧಕ್ಕರ್ಧ ನೋಟಿನಲ್ಲೇ ಕೊಡುತ್ತಾರೆ. ಹಾಗಾಗಿ ಎರಡೂ ರಿಯಾಯಿತಿ ಇವರಿಗೆ ಸಿಗವು. ಆಡಿಟ್ ಮಾಡಿಸದೆ ಬಿಟ್ಟರೆ ವಹಿವಾಟಿನ ನೂರಕ್ಕೆ ಅರ್ಧದಷ್ಟು, ಹೆಚ್ಚೆಂದರೆ ಒಂದೂವರೆ ಲಕ್ಷ ದಂಡ. ಇವರ ಲೆಕ್ಕಕ್ಕೆ ಅದು 1,40,000 ರೂಪಾಯಿ. ಕೆಲವು ವರ್ಷ ಸರ್ಕಾರ ಗಡುವನ್ನು ಮುಂದೂಡುತ್ತದೆ, 2025ರಲ್ಲೂ ಮುಂದೂಡಿತು. ಅದನ್ನು ನೆಚ್ಚಿಕೊಂಡು ಕೂತವರ ಕಾಗದಗಳು ಎಷ್ಟು ಮುಂದೂಡಿದರೂ ಕೊನೆಯ ವಾರವೇ ಬರುತ್ತವೆ, ಆ ಮಾತು ಬೇರೆ.

ಈಗ ಸ್ಟೇಟ್‌ಮೆಂಟಿನ ವಿಷಯ. ಮಾರ್ಚಿಗೆ ವರ್ಷ ಮುಗಿದ ಮೇಲೆ ಜೂನ್‌ವರೆಗಿನ ಸ್ಟೇಟ್‌ಮೆಂಟ್ ಏಕೆ ಎಂದು ಸಾವ್ಕಾರರು ಮೊದಲ ವರ್ಷ ಕೇಳಿದ್ದರು. ಅದಕ್ಕೆ ಉತ್ತರ ಮಾರ್ಚ್ 31ರ ಎರಡು ಅಂಕಿಗಳಲ್ಲಿದೆ. ಅಂಗಡಿಯ ಲೆಕ್ಕ ಬರೆಯುವ ಹುಡುಗ ಕಂಪ್ಯೂಟರಿನಲ್ಲಿ ಇಟ್ಟ ಖಾತೆಯ ಪ್ರಕಾರ ಅಂದು ಚಾಲ್ತಿ ಖಾತೆಯಲ್ಲಿ 6,84,300 ರೂಪಾಯಿ ಇತ್ತು. ಬ್ಯಾಂಕಿನ ಸ್ಟೇಟ್‌ಮೆಂಟ್ ಪ್ರಕಾರ ಇದ್ದದ್ದು 8,34,980. ಬ್ಯಾಂಕಿನಲ್ಲಿ 1,50,680 ಹೆಚ್ಚಿದೆ. ದುಡ್ಡು ಹೆಚ್ಚಿದೆಯಲ್ಲ, ಒಳ್ಳೆಯದೇ ಆಯಿತಲ್ಲ ಎಂದು ಹುಡುಗ ನಕ್ಕ. ಆಡಿಟರಿಗೆ ಹೆಚ್ಚಿದ್ದರೂ ತಲೆನೋವು, ಕಡಿಮೆ ಇದ್ದರೂ ತಲೆನೋವು.

ಈ ಎರಡು ಅಂಕಿಗಳನ್ನು ಒಂದಕ್ಕೊಂದು ತಾಳೆ ಹಾಕುವ ಪಟ್ಟಿಗೆ ಬಿಆರ್‌ಎಸ್ ಎನ್ನುತ್ತಾರೆ. ಪಿಯುಸಿ ಕಾಮರ್ಸ್ ಓದಿದವರಿಗೆ ನೆನಪಿರುತ್ತದೆ. ಆ ವರ್ಷದ ಮಾರ್ಚ್ ಕೊನೆ ಇದಕ್ಕೆ ಹೇಳಿ ಮಾಡಿಸಿದಂತಿತ್ತು. 29 ಶನಿವಾರ. 30ರ ಭಾನುವಾರವೇ ಯುಗಾದಿ. ಸೋಮವಾರ 31 ರಂಜಾನ್. ಏಪ್ರಿಲ್ 1 ಬ್ಯಾಂಕುಗಳ ವಾರ್ಷಿಕ ಲೆಕ್ಕದ ರಜೆ. ಹಬ್ಬಕ್ಕೆ ಮೊದಲು ಬಾಕಿ ತೀರಿಸಬೇಕೆಂದು ಸಾವ್ಕಾರರು ಶನಿವಾರ ಬೀಜದ ಕಂಪನಿಗೆ 1,85,000 ರೂಪಾಯಿಯ ಚೆಕ್ಕನ್ನೂ ಲಾರಿಯವರಿಗೆ 22,400ರ ಚೆಕ್ಕನ್ನೂ ಬರೆದು ಕೊಟ್ಟಿದ್ದರು. ಹುಡುಗ ಅಂದೇ ಖರ್ಚು ಬರೆದ. ಆದರೆ ಬ್ಯಾಂಕಿಗೆ ಆ ಚೆಕ್ಕುಗಳು ಇನ್ನೂ ಮುಟ್ಟಿರಲಿಲ್ಲ. ಅದೇ ಶನಿವಾರ ಒಬ್ಬ ಚಿಲ್ಲರೆ ವ್ಯಾಪಾರಿಯಿಂದ ಬಂದ 64,000ದ ಚೆಕ್ಕನ್ನು ಇವರು ಬ್ಯಾಂಕಿಗೆ ಹಾಕಿದ್ದರು. ಅದು ಜಮಾ ಆದದ್ದು ಏಪ್ರಿಲ್‌ನಲ್ಲಿ. ಹೀಗೆ ಕೊಟ್ಟ ಚೆಕ್ಕುಗಳ 2,07,400ರಲ್ಲಿ ಹಾಕಿದ ಚೆಕ್ಕಿನ 64,000 ಕಳೆದರೆ 1,43,400. ವ್ಯತ್ಯಾಸದ ಇಷ್ಟು ಭಾಗ ಬರೀ ದಿನಗಳ ಹಿಂದುಮುಂದು. ಇದರಲ್ಲಿ ಯಾರ ತಪ್ಪೂ ಇಲ್ಲ, ಖಾತೆಯಲ್ಲಿ ಏನನ್ನೂ ತಿದ್ದಬೇಕಿಲ್ಲ. ಆದರೆ ಇದು ನಿಜವೆಂದು ತೋರಿಸಲು ಏಪ್ರಿಲ್ ಆನಂತರದ ಸ್ಟೇಟ್‌ಮೆಂಟ್ ಬೇಕು. ಕಂಪನಿಯ ಚೆಕ್ಕು ಏಪ್ರಿಲ್ 3ಕ್ಕೆ ಪಾಸಾಗಿರುವುದು ಅಲ್ಲಿ ಕಾಣುತ್ತದೆ.

ಲಾರಿಯವರ ಚೆಕ್ಕು ಮಾತ್ರ ಎಲ್ಲೂ ಕಾಣಲಿಲ್ಲ. ಏಪ್ರಿಲ್, ಮೇ, ಜೂನ್ ಮೂರೂ ತಿಂಗಳು ಜಾಲಾಡಿದೆವು. ಚೆಕ್ಕಿನ ಆಯುಷ್ಯ ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು ಮಾತ್ರ. ಹಿಂದೆ ಆರು ತಿಂಗಳಿತ್ತು, 2012ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕು ಮೂರಕ್ಕೆ ಇಳಿಸಿತು. ಮಾರ್ಚ್ 29ರ ಚೆಕ್ಕು ಜೂನ್ ಮುಗಿಯುವ ಹೊತ್ತಿಗೆ ಸತ್ತುಹೋಗಿರುತ್ತದೆ. ನಾನು ಜೂನ್ 30ರವರೆಗಿನ ಸ್ಟೇಟ್‌ಮೆಂಟ್ ಕೇಳುವುದರ ಗುಟ್ಟು ಇದೇ. ಸಾವ್ಕಾರರನ್ನು ಕೇಳಿದಾಗ ನೆನಪಾಯಿತು: "ಅವಗೆ ಚೆಕ್ ಬ್ಯಾಡಾಗಿತ್ರೀ, ಏಪ್ರಿಲ್‌ದಾಗ ಬಂದು ರೊಕ್ಕ ಇಸ್ಕೊಂಡ ಹೋದ." ಚೆಕ್ಕು ಅವರ ಗಲ್ಲಾಪೆಟ್ಟಿಗೆಯಲ್ಲೇ ಮಡಿಸಿ ಬಿದ್ದಿತ್ತು. ನಗದು ಕೊಟ್ಟದ್ದನ್ನು ಯಾರೂ ಬರೆದಿರಲಿಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ಖರ್ಚನ್ನು ಇಲಾಖೆ ಖರ್ಚೆಂದೇ ಒಪ್ಪುವುದಿಲ್ಲ. ಇವರ ಅದೃಷ್ಟಕ್ಕೆ ಸರಕು ಸಾಗಣೆ ಲಾರಿಯವರಿಗೆ ಕೊಡುವ ಬಾಡಿಗೆಗೆ ಆ ಮಿತಿ 35,000. ಅದೇ 22,400ನ್ನು ಗೋಣಿಚೀಲದ ವ್ಯಾಪಾರಿಗೆ ಕೊಟ್ಟಿದ್ದರೆ ಪೂರ್ತಿ ಮೊತ್ತ ಲಾಭಕ್ಕೆ ಸೇರಿ ಅದರ ಮೇಲೆ ತೆರಿಗೆ ಬೀಳುತ್ತಿತ್ತು.

ವ್ಯತ್ಯಾಸದ ಉಳಿದ 7,280 ರೂಪಾಯಿ ಚಿಕ್ಕದಾಗಿ ಕಾಣುತ್ತದೆ. ನಾನು ಹೆಚ್ಚು ಹೊತ್ತು ಕೂರುವುದು ಇಂಥ ಚಿಕ್ಕ ಮೊತ್ತದ ಮೇಲೆಯೇ, ಏಕೆಂದರೆ ದೊಡ್ಡ ಮೊತ್ತಗಳು ಒಂದನ್ನೊಂದು ಹೊಡೆದುಹಾಕಿ ಚಿಕ್ಕದಾಗಿ ಉಳಿದಿರಬಹುದು. ಇಲ್ಲಿ ಮೂರು ಬಾಬ್ತುಗಳಿದ್ದವು. ಒಬ್ಬ ರೈತ ತನ್ನ ಹಳೆ ಬಾಕಿ 50,000ವನ್ನು ಹಾವೇರಿಯ ಬ್ಯಾಂಕಿನಿಂದ ನೇರವಾಗಿ ಇವರ ಖಾತೆಗೆ ಕಳಿಸಿದ್ದ. ಹೇಳಿರಲಿಲ್ಲ, ಹುಡುಗ ಬರೆದಿರಲಿಲ್ಲ. ಇನ್ನೊಬ್ಬನ 38,000ದ ಚೆಕ್ಕು ಬೌನ್ಸ್ ಆಗಿತ್ತು, ಆದರೆ ಖಾತೆಯಲ್ಲಿ ಅದು ಬಂದ ದುಡ್ಡಾಗಿಯೇ ಉಳಿದಿತ್ತು. ಬ್ಯಾಂಕು ವರ್ಷವಿಡೀ ಕಳೆದ ಶುಲ್ಕ, ಜಿಎಸ್‌ಟಿ ಸೇರಿ 4,720. ಐವತ್ತು ಸಾವಿರ ಕೂಡಿ, ಉಳಿದೆರಡು ಕಳೆದರೆ 7,280. ಈ ಮೂರನ್ನೂ ಖಾತೆಗೆ ಹತ್ತಿಸಲೇಬೇಕು. ಹತ್ತಿಸಿದ ಮೇಲೆ ಅಂಗಡಿಯ ಖಾತೆಯ ನಿಜವಾದ ಬಾಕಿ 6,91,580 ಆಯಿತು. ಹಣ ಕಟ್ಟಿದ ರೈತನ ಹೆಸರಿನಲ್ಲಿ ಬಾಕಿ ತೋರಿಸುತ್ತಿದ್ದೆವು, ಚೆಕ್ ಬೌನ್ಸ್ ಆದವನ ಹೆಸರಿನಲ್ಲಿ ಬಾಕಿಯೇ ಇರಲಿಲ್ಲ. ತೆರಿಗೆಯ ಮಾತು ಹಾಗಿರಲಿ, ವಸೂಲಿಗೆ ಹೋದಾಗ ಜಗಳ ಆಗುವುದು ಇಲ್ಲೇ.

ಸ್ಟೇಟ್‌ಮೆಂಟನ್ನು ಬ್ಯಾಂಕು ಕೊಟ್ಟ ಪಿಡಿಎಫ್ ರೂಪದಲ್ಲೇ ಕೇಳುತ್ತೇನೆ. ಎಕ್ಸೆಲ್ ಪ್ರತಿಯನ್ನೂ ಕೊಟ್ಟರೆ ಕೆಲಸ ಬೇಗ ಆಗುತ್ತದೆ, ಆದರೆ ಅದೊಂದೇ ಸಾಲದು. ಕಾರಣ ಹೇಳುತ್ತೇನೆ. ನಾನು ಹೊಸದಾಗಿ ಬೋರ್ಡು ಹಾಕಿದ ದಿನಗಳಲ್ಲಿ ಒಬ್ಬ ವ್ಯಾಪಾರಿಯ ಗುಮಾಸ್ತ ಎಕ್ಸೆಲ್ ಪ್ರತಿ ತಂದುಕೊಟ್ಟ. ನಾನು ಮೊದಲ ಸಾಲು, ಕೊನೆಯ ಸಾಲು ನೋಡಿ ಕೆಲಸ ಶುರು ಮಾಡಿದೆ. ನಾಲ್ಕು ದಿನ ತಾಳೆ ಹಾಕಿದರೂ ಲೆಕ್ಕ ಕೂಡಲಿಲ್ಲ. ಕೊನೆಗೆ ನೋಡಿದರೆ ಅಕ್ಟೋಬರಿನ ಮೂರು ಸಾಲುಗಳನ್ನು ಅಳಿಸಿದ್ದ. ತನ್ನ ಯಜಮಾನರ ಕಣ್ಣಿಗೆ ಬೀಳಬಾರದೆಂದು ತಾನೇ ತೆಗೆದ ನಗದಿನ ಸಾಲುಗಳು ಅವು. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರತಿ ಸಾಲಿನಲ್ಲೂ ಹಿಂದಿನ ಬಾಕಿಗೆ ಜಮಾ ಕೂಡಿ, ಖರ್ಚು ಕಳೆದರೆ ಆ ಸಾಲಿನ ಬಾಕಿ ಬರಬೇಕು. ಎಲ್ಲಿ ಬರುವುದಿಲ್ಲವೋ ಅಲ್ಲಿ ಕೈಯಾಡಿಸಿದ್ದಾರೆ ಎಂದೇ ಅರ್ಥ. ವರ್ಷದ ಮೊದಲ ದಿನದ ಬಾಕಿ ಹಿಂದಿನ ವರ್ಷದ ಆಡಿಟ್ ಕಡತದ ಕೊನೆಯ ಬಾಕಿಗೆ ಹೊಂದಬೇಕು. ಇದನ್ನು ಓದುವ ಅಂಗಡಿಯವರೂ ಮಾಡಿ ನೋಡಬಹುದು, ಹತ್ತು ನಿಮಿಷದ ಕೆಲಸ. ಪಾಸ್‌ಬುಕ್ಕಿನಲ್ಲಿ ಈ ಪರೀಕ್ಷೆ ಸರಿಯಾಗಿ ನಡೆಯುವುದಿಲ್ಲ. ಬಹಳ ದಿನ ಎಂಟ್ರಿ ಹಾಕಿಸದಿದ್ದರೆ ಕೆಲವು ಬ್ಯಾಂಕುಗಳ ಯಂತ್ರ ನಡುವಿನ ವ್ಯವಹಾರಗಳನ್ನು ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ಮುದ್ರಿಸಿಬಿಡುತ್ತದೆ.

"ಎಲ್ಲ ಖಾತೆಗಳು" ಎನ್ನುವ ಮಾತಿಗೆ ಪ್ರತಿ ಸಲ ಒಂದು ಜಗಳ ಇದ್ದೇ ಇರುತ್ತದೆ. ಉಳಿತಾಯ ಖಾತೆ ಮನೆಯದು, ಅದನ್ನೇಕೆ ತೋರಿಸಲಿ ಎನ್ನುತ್ತಾರೆ. ಮಾಲೀಕರೊಬ್ಬರೇ ಇರುವ ಅಂಗಡಿಯಲ್ಲಿ ಕಾನೂನಿನ ಕಣ್ಣಿಗೆ ಅಂಗಡಿ ಬೇರೆ, ಮಾಲೀಕರು ಬೇರೆ ಅಲ್ಲ, ಪ್ಯಾನ್ ಒಂದೇ. ಒಂದು ವರ್ಷದಲ್ಲಿ ಉಳಿತಾಯ ಖಾತೆಗಳಿಗೆ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಕಟ್ಟಿದರೆ, ಚಾಲ್ತಿ ಖಾತೆಯಾದರೆ 50 ಲಕ್ಷ ಮುಟ್ಟಿದರೆ, ಬ್ಯಾಂಕು ತಾನಾಗಿಯೇ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ಅದು ನಿಮ್ಮ ಹೆಸರಿನ ವಾರ್ಷಿಕ ಮಾಹಿತಿ ಪಟ್ಟಿ, ಎಐಎಸ್‌ನಲ್ಲಿ ಬಂದು ಕೂರುತ್ತದೆ. ನೀವು ನನಗೆ ಹೇಳದಿದ್ದರೂ ಇಲಾಖೆಗೆ ಅದು ಗೊತ್ತು.

ಸಾವ್ಕಾರರ ಅಂಗಡಿಯ ಕ್ಯೂಆರ್ ಕೋಡಿನ ಕತೆ ಹೀಗಿದೆ. ಗಲ್ಲೆಯ ಬಳಿ ಇದ್ದದ್ದು ಅಂಗಡಿಯ ಚಾಲ್ತಿ ಖಾತೆಯದು. ಗೋದಾಮಿನ ಬಾಗಿಲಲ್ಲಿ ಇದ್ದದ್ದು ಕಾಲೇಜಿಗೆ ಹೋಗುವ ಮಗನದು. "ಅವಸರದಾಗ ಅಂಟಿಸಿದ್ದು ಹಂಗೇ ಉಳೀತ್ರೀ" ಎಂದರು. ವರ್ಷ ಕಳೆಯುವಷ್ಟರಲ್ಲಿ ಮಗನ ಉಳಿತಾಯ ಖಾತೆಗೆ 11 ಲಕ್ಷ ಚಿಲ್ಲರೆ ಬಂದಿತ್ತು. ಸರಕು ಅಂಗಡಿಯ ದಾಸ್ತಾನಿನಿಂದ ಹೋಗಿದೆ, ಮಾರಾಟದ ಹಣ ಅಂಗಡಿಯ ಲೆಕ್ಕಕ್ಕೆ ಬಂದಿಲ್ಲ. ಮಗನ ಹೆಸರಿನಲ್ಲಿ ಆದಾಯವೇ ಇಲ್ಲ, ಖಾತೆಯಲ್ಲಿ ಮಾತ್ರ ಹನ್ನೊಂದು ಲಕ್ಷ ಓಡಾಡಿದೆ. ಆ ಖಾತೆಯ ಸ್ಟೇಟ್‌ಮೆಂಟ್ ತರಿಸಿ, ದಿನದ ಬಿಲ್ಲುಗಳ ಜೊತೆ ಒಂದೊಂದಾಗಿ ಹೊಂದಿಸಿ, ಅಷ್ಟನ್ನೂ ಅಂಗಡಿಯ ಮಾರಾಟಕ್ಕೆ ತಂದೆವು. ಆ ಹನ್ನೊಂದು ಲಕ್ಷವೂ ಸೇರಿದ ಮೇಲಿನ ಅಂಕಿಯೇ ಮೇಲೆ ಹೇಳಿದ 2 ಕೋಟಿ 80 ಲಕ್ಷ. ನನ್ನ ಆರ್ಟಿಕಲ್ ವಿದ್ಯಾರ್ಥಿಗೆ ಇದು ಹನ್ನೆರಡು ದಿನದ ಕೆಲಸವಾಯಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕೊಟ್ಟು, ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ 'ನಗದು ಮಾತ್ರ' ಬೋರ್ಡು ಬಿದ್ದದ್ದು ಓದುಗರಿಗೆ ನೆನಪಿರಬಹುದು. ಬೋರ್ಡು ಹಾಕಿದರೆ ಹಿಂದಿನ ವರ್ಷಗಳ ಜಮಾ ಅಳಿಸಿಹೋಗುವುದಿಲ್ಲ.

ಕ್ಯೂಆರ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ. ವ್ಯಾಪಾರಿ ಕೋಡಿಗೆ ಬಂದ ಹಣವನ್ನು ಕಂಪನಿಗಳು ಅನೇಕ ಕಡೆ ದಿನದ ಕೊನೆಗೋ ಮರುದಿನವೋ ಒಟ್ಟು ಮಾಡಿ ಒಂದೇ ಮೊತ್ತವಾಗಿ ಖಾತೆಗೆ ಹಾಕುತ್ತವೆ, ಸೌಂಡ್‌ಬಾಕ್ಸಿನ ಬಾಡಿಗೆಯನ್ನು ಅದರಲ್ಲೇ ಮುರಿದುಕೊಳ್ಳುವುದೂ ಉಂಟು. ಸ್ಟೇಟ್‌ಮೆಂಟಿನಲ್ಲಿ ಬಿದ್ದ ಮೊತ್ತವನ್ನೇ ಮಾರಾಟ ಎಂದು ಬರೆದರೆ ಮಾರಾಟ ಕಡಿಮೆಯಾಗುತ್ತದೆ, ಖರ್ಚು ಕಾಣುವುದಿಲ್ಲ. ಆ್ಯಪಿನಿಂದ ವರ್ಷದ ಸೆಟ್ಲ್‌ಮೆಂಟ್ ವರದಿ ಇಳಿಸಿಕೊಂಡರೆ ಎರಡೂ ಬಿಡಿಬಿಡಿಯಾಗಿ ಸಿಗುತ್ತವೆ.

ಸಾಲದ ಕಾಗದಗಳ ವಿಷಯ ಸುಲಭ, ಆದರೂ ಎಲ್ಲರೂ ಎಡವುವುದು ಅಲ್ಲಿ. ಸಾವ್ಕಾರರು ಸರಕು ಸಾಗಿಸುವ ಸಣ್ಣ ಗಾಡಿಗೆ ತಿಂಗಳಿಗೆ 24,500ರಂತೆ ಕಂತು ಕಟ್ಟುತ್ತಾರೆ. ವರ್ಷಕ್ಕೆ 2,94,000. ಹುಡುಗ ಅಷ್ಟನ್ನೂ 'ಗಾಡಿ ಖರ್ಚು' ಎಂದು ಬರೆದಿದ್ದ. ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್ ಬಂದಾಗ ಅದರಲ್ಲಿ ಬಡ್ಡಿ 92,400, ಉಳಿದ 2,01,600 ಅಸಲು ಎಂದಿತ್ತು. ಅಸಲು ತೀರಿಸುವುದು ಖರ್ಚಲ್ಲ, ಇಸ್ಕೊಂಡದ್ದನ್ನು ವಾಪಸ್ ಕೊಡುವುದು. ಸರ್ಟಿಫಿಕೇಟ್ ಇಲ್ಲದಿದ್ದರೆ ಎರಡು ಲಕ್ಷದಷ್ಟು ಲಾಭ ಕಡಿಮೆ ತೋರಿಸಿ ಮುಂದೆ ಬಡ್ಡಿ ಸಮೇತ ಕಟ್ಟಬೇಕಾಗುತ್ತಿತ್ತು. ಇನ್ನೊಂದು ಮಾತು. ಬ್ಯಾಂಕಿನ ಸಾಲದ ಬಡ್ಡಿಯನ್ನು ನಿಜವಾಗಿ ಕಟ್ಟಿದ್ದರೆ ಮಾತ್ರ ಖರ್ಚೆಂದು ಒಪ್ಪುತ್ತಾರೆ. ಮಾರ್ಚ್ 31ಕ್ಕೆ ಬಾಕಿ ಉಳಿದ ಬಡ್ಡಿಯನ್ನು ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಕಟ್ಟಿ ರಸೀದಿ ಕೊಟ್ಟರೆ ನಡೆಯುತ್ತದೆ. ಕಟ್ಟಲಾಗದ ಬಡ್ಡಿಯನ್ನು ಬ್ಯಾಂಕು ಹೊಸ ಸಾಲವಾಗಿ ಬದಲಿಸಿಕೊಟ್ಟಿದ್ದರೆ ಅದು ಕಟ್ಟಿದ ಹಾಗಲ್ಲ. ಸರ್ಟಿಫಿಕೇಟಿನ ಜೊತೆ ಸಾಲದ ಸ್ಟೇಟ್‌ಮೆಂಟನ್ನೂ ಕೇಳುವುದು ಇದನ್ನು ನೋಡಲಿಕ್ಕೆ.

ಎಫ್‌ಡಿಯ ಬಡ್ಡಿ ಇದರ ತಿರುಗುಮುರುಗು. ಅಲ್ಲಿ ದುಡ್ಡು ಕೈಗೆ ಬಂದಿರುವುದಿಲ್ಲ, ಆದಾಯ ಮಾತ್ರ ಬಂದಿರುತ್ತದೆ. ಗೊಬ್ಬರದ ಕಂಪನಿಗೆ ಬ್ಯಾಂಕ್ ಗ್ಯಾರಂಟಿ ಕೊಡಲು ಸಾವ್ಕಾರರು 8 ಲಕ್ಷದ ಠೇವಣಿ ಒತ್ತೆ ಇಟ್ಟಿದ್ದಾರೆ. ನೂರಕ್ಕೆ 7ರ ಬಡ್ಡಿ ಮೂರು ತಿಂಗಳಿಗೊಮ್ಮೆ ಅಸಲಿಗೇ ಸೇರಿ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 57 ಸಾವಿರ. ಸ್ಟೇಟ್‌ಮೆಂಟಿನಲ್ಲಿ ಅದರ ಒಂದು ಸಾಲೂ ಇಲ್ಲ, ಹಾಗಾಗಿ ಹುಡುಗನಿಗೆ ಗೊತ್ತೇ ಇಲ್ಲ. ಆದರೆ ಆ ವರ್ಷ 40,000 ದಾಟಿದ ಬಡ್ಡಿಗೆ ಬ್ಯಾಂಕು ನೂರಕ್ಕೆ 10ರಂತೆ ಟಿಡಿಎಸ್ ಮುರಿಯಬೇಕಿತ್ತು, ಮುರಿಯಿತು, 26ಎಎಸ್‌ನಲ್ಲಿ ತೋರಿಸಿತು. 2025ರ ಏಪ್ರಿಲ್‌ನಿಂದ ಆ ಮಿತಿ 50,000 ಆಗಿದೆ, ಹಿರಿಯ ನಾಗರಿಕರಿಗೆ 1 ಲಕ್ಷ. ಸರ್ಟಿಫಿಕೇಟ್ ತರದಿದ್ದರೆ ಎರಡು ಕಡೆ ನಷ್ಟ: ಬಡ್ಡಿ ತೋರಿಸದೆ ನೋಟಿಸು ಬರುತ್ತದೆ, ಮುರಿದ ಐದೂಮುಕ್ಕಾಲು ಸಾವಿರದ ಟಿಡಿಎಸ್ ಕೇಳಿ ಪಡೆಯುವುದೂ ತಪ್ಪಿಹೋಗುತ್ತದೆ.

ಇನ್ನು ಸಿಸಿ ಖಾತೆ, ಅಂದರೆ ದಾಸ್ತಾನಿನ ಮೇಲೆ ಬ್ಯಾಂಕು ಕೊಡುವ ಕ್ಯಾಷ್ ಕ್ರೆಡಿಟ್. ನನ್ನ ಮಟ್ಟಿಗೆ ಇಡೀ ಚೀಟಿಯಲ್ಲಿ ಬಹಳ ಗಂಭೀರವಾದ ಸಾಲು ಇದೇ, ಮತ್ತು ಕಕ್ಷಿದಾರರು ಸದ್ದಿಲ್ಲದೆ ಬಿಟ್ಟುಬಿಡುವ ಸಾಲೂ ಇದೇ. ಸಾವ್ಕಾರರ ಸಿಸಿ ಮಿತಿ 40 ಲಕ್ಷ. ಆದರೆ ಪ್ರತಿ ತಿಂಗಳು ಎಷ್ಟು ತೆಗೆಯಬಹುದು ಎನ್ನುವುದು ಆ ತಿಂಗಳು ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನ ಮೇಲೆ ನಿಂತಿದೆ. ದಾಸ್ತಾನಿನಲ್ಲಿ ಕಂಪನಿಗಳಿಗೆ ಕೊಡಬೇಕಾದ ಬಾಕಿ ಕಳೆದು, ಉಳಿದದ್ದರ ಕಾಲುಭಾಗವನ್ನು ತನ್ನ ಭದ್ರತೆಗೆಂದು ಬಿಟ್ಟು, ಮಿಕ್ಕದ್ದನ್ನು ಬ್ಯಾಂಕು ಕೊಡುತ್ತದೆ. ಬ್ಯಾಂಕಿನವರು ಇದನ್ನು ಡ್ರಾಯಿಂಗ್ ಪವರ್ ಎನ್ನುತ್ತಾರೆ.

ಮಾರ್ಚ್ ಕೊನೆಗೆ ಬ್ಯಾಂಕಿಗೆ ಕೊಟ್ಟ ಪಟ್ಟಿಯಲ್ಲಿ ದಾಸ್ತಾನು 58 ಲಕ್ಷ ಎಂದಿತ್ತು. ಅದೇ ದಿನಕ್ಕೆ ಅಂಗಡಿಯ ಲೆಕ್ಕದಲ್ಲಿ 43 ಲಕ್ಷ. ಕೊಡಬೇಕಾದ ಬಾಕಿ 6 ಲಕ್ಷ. ಬ್ಯಾಂಕಿನ ಪಟ್ಟಿಯ ಪ್ರಕಾರ 39 ಲಕ್ಷ ತೆಗೆಯಬಹುದು. ನಮ್ಮ ಲೆಕ್ಕದ ಪ್ರಕಾರ ಸಿಗಬೇಕಾದದ್ದು 27 ಲಕ್ಷ 75 ಸಾವಿರ ಮಾತ್ರ. ಪಟ್ಟಿ ಏಕೆ ಉಬ್ಬಿತು ಎನ್ನುವುದನ್ನು ಬೇರೆ ಹೇಳಬೇಕಿಲ್ಲ. ಇದನ್ನು ಆದಾಯ ತೆರಿಗೆ ಅಧಿಕಾರಿ ಇನ್ನೊಂದು ಕಡೆಯಿಂದ ಓದುತ್ತಾರೆ. ಬ್ಯಾಂಕಿಗೆ ಪತ್ರ ಬರೆದು ಈ ಪಟ್ಟಿ ತರಿಸಿಕೊಳ್ಳುವ ಅಧಿಕಾರ ಅವರಿಗಿದೆ. 'ನಿಮ್ಮ ಬಳಿ 58 ಲಕ್ಷದ ಸರಕಿತ್ತು ಎಂದು ನೀವೇ ಸಹಿ ಮಾಡಿದ್ದೀರಿ, 43 ತೋರಿಸಿದ್ದೀರಿ, ಉಳಿದ 15 ಲಕ್ಷದ ಸರಕು ಯಾವ ಹಣದಲ್ಲಿ ಕೊಂಡಿರಿ?' ಎಂದು ಕೇಳುತ್ತಾರೆ. ಬ್ಯಾಂಕಿಗೆ ಸುಮ್ಮನೆ ಹೆಚ್ಚು ಬರೆದಿದ್ದೆ ಎನ್ನುವ ಉತ್ತರ ಕೊಟ್ಟರೆ ಬ್ಯಾಂಕಿಗೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಂತೆ. ಕೊಡದಿದ್ದರೆ 15 ಲಕ್ಷ ಲೆಕ್ಕಕ್ಕೆ ಸಿಗದ ಆದಾಯ.

ನಾವು ಕೂತು ಬಿಡಿಸಿದಾಗ ತಿಳಿದದ್ದು ಇಷ್ಟು. 9 ಲಕ್ಷದ ಬೀಜ ಮಾರ್ಚ್ ಮೂರನೇ ವಾರ ಕಂಪನಿಗೆ ವಾಪಸ್ ಹೋಗಿತ್ತು. ಮಾರಾಟವಾಗದ, ಅವಧಿ ಮುಗಿಯುತ್ತ ಬಂದ ಬೀಜವನ್ನು ಕಂಪನಿಗಳು ಹಿಂದಕ್ಕೆ ತೆಗೆದುಕೊಳ್ಳುವುದುಂಟು. ಹುಡುಗ ಫೆಬ್ರವರಿಯ ಪಟ್ಟಿಯನ್ನೇ ದಿನಾಂಕ ಬದಲಿಸಿ ಕಳಿಸಿದ್ದ. ಉಳಿದ 6 ಲಕ್ಷ, ಸರಕಿಗೆ ಕೊಂಡ ದರ ಹಾಕುವ ಬದಲು ಚೀಲದ ಮೇಲಿನ ಎಂಆರ್‌ಪಿ ಹಾಕಿದ್ದರಿಂದ ಬಂದದ್ದು. ವಾಪಸ್ ಕಳಿಸಿದ ಸರಕಿನ ಕ್ರೆಡಿಟ್ ನೋಟು, ಲಾರಿಯ ರಸೀದಿ, ಎರಡು ದರಗಳ ಹೋಲಿಕೆ ಎಲ್ಲವನ್ನೂ ಒಂದು ಹಾಳೆಗೆ ಬರೆದು ಪಟ್ಟಿಯ ನಕಲಿನ ಜೊತೆ ಕಡತಕ್ಕೆ ಹಾಕಿದೆವು. ಬ್ಯಾಂಕಿಗೂ ತಿದ್ದಿದ ಪಟ್ಟಿ ಕೊಡಿಸಿದೆ. ಸಾವ್ಕಾರರಿಗೆ ಇಷ್ಟವಾಗಲಿಲ್ಲ, ಡ್ರಾಯಿಂಗ್ ಪವರ್ ಇಳಿಯಿತು. ಆದರೆ ಈಗ ಪ್ರತಿ ತಿಂಗಳ ಪಟ್ಟಿಯನ್ನು ಹುಡುಗ ಗೋದಾಮಿಗೆ ಹೋಗಿ ಎಣಿಸಿ ಬರೆಯುತ್ತಾನೆ.

ಬಾಕಿ ದೃಢೀಕರಣ ಪತ್ರಕ್ಕೆ ಶಾಖೆಗೆ ಹೋದಾಗ 'ಸ್ಟೇಟ್‌ಮೆಂಟ್ ಇದೆಯಲ್ಲ, ಇದೇಕೆ?' ಎಂದು ಕೇಳಬಹುದು. ಒಂದು ಅರ್ಜಿ ಕೊಟ್ಟು, ಸಾಲ, ಠೇವಣಿ, ಗ್ಯಾರಂಟಿ ಎಲ್ಲ ಸೇರಿಸಿ ಕೊಡಿ ಎಂದು ಕೇಳಿ. ಈ ಪತ್ರದಿಂದಲೇ ಮರೆತುಹೋದ ಖಾತೆಗಳು ಹೊರಬರುತ್ತವೆ. ಸಾವ್ಕಾರರ ತಂದೆಯವರ ಕಾಲದ ಒಂದು ಸಣ್ಣ ಠೇವಣಿ ಹಾಗೇ ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬದಲಾವಣೆ ನೋಡಿಕೊಳ್ಳಬೇಕು. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಗಿದೆ. ರಿಟರ್ನಿನಲ್ಲಿ ವರ್ಷದಲ್ಲಿ ಇದ್ದ ಬ್ಯಾಂಕ್ ಖಾತೆಗಳನ್ನು ಐಎಫ್‌ಎಸ್‌ಸಿ ಸಮೇತ ಬರೆಯಬೇಕು. ಹಳೆಯ ಪಾಸ್‌ಬುಕ್ಕಿನ ಕೋಡನ್ನು ನೋಡಿ ಬರೆಯದೆ ಶಾಖೆಯಲ್ಲಿ ಕೇಳಿ ಬರೆಯಿರಿ, ಮರುಪಾವತಿ ಬರಬೇಕಾದ ಖಾತೆಯಾದರೆ ಇನ್ನೂ ಜೋಪಾನ.

ಚಲನ್ ಮತ್ತು ಚೆಕ್‌ಬುಕ್ಕಿನ ಅರ್ಧಗಳನ್ನು ಕೇಳುವುದು ಸ್ಟೇಟ್‌ಮೆಂಟಿನಲ್ಲಿ 'ಸೆಲ್ಫ್', 'ಕ್ಯಾಷ್' ಎಂದಷ್ಟೇ ಇರುವ ಸಾಲುಗಳಿಗಾಗಿ. ಜನವರಿಯಲ್ಲಿ ಕಟ್ಟಿದ 1,20,000 ನಗದು ಮಾರಾಟದ್ದೋ, ಸೋದರಮಾವ ಕೈಗಡ ಕೊಟ್ಟದ್ದೋ? ಕೈಗಡವಾದರೆ, ಅದನ್ನು ನಗದಾಗಿ ಪಡೆದಿದ್ದರೆ ದೊಡ್ಡ ತೊಂದರೆ. 20,000 ಮತ್ತು ಅದಕ್ಕೆ ಮೇಲಿನ ಸಾಲವನ್ನು ನಗದಾಗಿ ಪಡೆದರೆ ಪಡೆದಷ್ಟೇ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ, ಆಡಿಟ್ ವರದಿಯ 3ಸಿಡಿ ನಮೂನೆಯಲ್ಲಿ ನಾನು ಅದನ್ನು ಬರೆಯಲೇಬೇಕು. ಸಾವ್ಕಾರರ ಪುಣ್ಯ, ಚಲನ್ನಿನ ಹಿಂದೆ ಅವರದೇ ಅಕ್ಷರದಲ್ಲಿ 'ಮೆಕ್ಕೆಜೋಳ ಬೀಜ, ಮೂರು ದಿನದ ಗಲ್ಲಾ' ಎಂದಿತ್ತು. ಆ ಮೂರು ದಿನದ ಬಿಲ್ಲುಗಳೂ ಅಷ್ಟಕ್ಕೇ ಕೂಡಿದವು.

1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ತಂದಿದ್ದಾರೆ. ಕಲಮುಗಳ ಸಂಖ್ಯೆ ಬದಲಾಗಿದೆ. ಬ್ಯಾಂಕಿನಿಂದ ತರಬೇಕಾದ ಕಾಗದಗಳು ಇವೇ.

ಒಂದು ವಿನಂತಿ ಉಳಿದಿದೆ. ಕಾಗದ ಹುಡುಕುವ ತಾಪತ್ರಯ ಬೇಡವೆಂದು ಕೆಲವರು ನೆಟ್ ಬ್ಯಾಂಕಿಂಗಿನ ಯೂಸರ್ ಐಡಿ, ಪಾಸ್‌ವರ್ಡು ಎರಡನ್ನೂ ಚೀಟಿಯಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ, ಓಟಿಪಿ ಬಂದಾಗ ಫೋನ್ ಮಾಡಿ ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೋಡಲು ಮಾತ್ರ ಅವಕಾಶವಿರುವ ಬಳಕೆದಾರರನ್ನು ಸೇರಿಸುವ ಸೌಲಭ್ಯ ಅನೇಕ ಬ್ಯಾಂಕುಗಳ ವ್ಯಾಪಾರ ಖಾತೆಗಳಲ್ಲಿದೆ, ಅದನ್ನು ಕೇಳಿ. ಇಲ್ಲವಾದರೆ ಪಿಡಿಎಫ್ ಸಾಕು. ಪಾಸ್‌ವರ್ಡನ್ನಾಗಲಿ, ಸಹಿ ಮಾಡಿದ ಖಾಲಿ ಚೆಕ್ಕನ್ನಾಗಲಿ ಯಾರ ಕೈಗೂ ಕೊಡಬೇಡಿ, ನಿಮ್ಮ ಆಡಿಟರ ಕೈಗೂ.